ಎಂಬತ್ತು ಎಕರೆ ತೋಟದ ಲೆಕ್ಕ ಸರಿಮಾಡಿದ್ದು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸರ್ವೆ ಎಕ್ಸೆಲ್‌ನಲ್ಲಿ ನನ್ನ ಕೈಗೆ ಬಂತು. ತೋಟದ ವಿಸ್ತೀರ್ಣದ ಸರಾಸರಿ ತೆಗೆದರೆ ಎಲ್ಲರೂ ಜಮೀನ್ದಾರರೇ! ಒಬ್ಬರದ್ದು 80 ಎಕರೆ, ಆದರೆ ಪಕ್ಕದ ಕಾಲಂನಲ್ಲಿ ಒಣ ಅಡಿಕೆ ಬರೀ 16 ಕ್ವಿಂಟಲ್. ಅಷ್ಟು ದೊಡ್ಡ ತೋಟಕ್ಕೆ ಇಷ್ಟೇನಾ? ಕಾಗದದ ಫಾರಂ ತೆಗೆದು ನೋಡಿದೆ, ಅದು 80 ಗುಂಟೆ, ಅಂದರೆ 2 ಎಕರೆ.

ಮೂಲ ಶೀಟನ್ನು ಮುಟ್ಟಲಿಲ್ಲ. ಅದರ ಪ್ರತಿಯಲ್ಲಿ C ಕಾಲಂನ ಅಂಕಿಗೆ D ಕಾಲಂನಲ್ಲಿ ಅಳತೆ ಬರೆದು, E ಕಾಲಂಗೆ ಈ ಸೂತ್ರ ಹಾಕಿದೆ:

```
=IF(C2="","",IF(D2="ಗುಂಟೆ",C2/40,C2))
```

ಇನ್ನೊಂದು ತೊಂದರೆ 99. ಉತ್ತರ ಸಿಗದ ಕಡೆಯೆಲ್ಲ ಈ ಕೋಡ್ ತುಂಬಿದ್ದರು, ಸರಾಸರಿಯೊಳಗೆ ಅದೂ ಸೇರಿಕೊಳ್ಳುತ್ತೆ ಅಲ್ವಾ. ಸುಮ್ನೆ ಎಲ್ಲ 99 ಅಳಿಸೋಕೂ ಆಗಲ್ಲ, ಯಾಕೆಂದರೆ ಒಬ್ಬರ ತೋಟ ನಿಜವಾಗಿಯೂ 99 ಗುಂಟೆ ಇತ್ತು. ಫಾರಂ ನೋಡಿ ಉಳಿದವನ್ನು ಖಾಲಿ ಮಾಡಿ, ಕಾರಣವನ್ನು ಬೇರೆ ಕಾಲಂನಲ್ಲಿ ಬರೆದೆ: 1 ಅಂದರೆ ಹೇಳಲಿಲ್ಲ, 2 ಗೊತ್ತಿಲ್ಲ, 3 ಕೇಳಿಯೇ ಇಲ್ಲ. ಖಾಲಿ ಜಾಗಕ್ಕೆ 0 ಮಾತ್ರ ಹಾಕಬೇಡಿ, ಅದು ತೋಟವೇ ಇಲ್ಲ ಅಂತ ಹೇಳಿದ ಹಾಗೆ.

ಒಂದು 45 ಎಕರೆ ತೋಟ ಮಾತ್ರ ನಿಜ, ಇಳುವರಿಯೂ ಅದಕ್ಕೆ ಹೊಂದುತ್ತಿತ್ತು. ದೊಡ್ಡದು ಅನ್ನೋ ಕಾರಣಕ್ಕೆ ತೆಗೆಯೋದು ನನಗೆ ಸರಿ ಕಾಣಲ್ಲ. ಅದನ್ನು ಉಳಿಸಿಕೊಂಡೆ, ಆದರೆ ಅದೊಂದೇ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತಿದ್ದರಿಂದ `MEDIAN` ಅನ್ನೂ ಪಕ್ಕದಲ್ಲೇ ಕೊಟ್ಟೆ.