ಡ್ರೈವನ್ ಪಾಸ್ ಕೊಟ್ಟರೆ ಬಾಲ್ ಮೇಲಕ್ಕೇಕೆ ಹೋಗುತ್ತದೆ?

ಭಾನುವಾರ ಬೆಳಿಗ್ಗೆ ಯಾವ ಫುಟ್‌ಬಾಲ್ ಮೈದಾನಕ್ಕೆ ಹೋದರೂ ಇದೇ ಕಥೆ. ಇಪ್ಪತ್ತು ಮೀಟರ್ ಆಚೆ ಇರುವ ಗೆಳೆಯನಿಗೆ ಡ್ರೈವನ್ ಪಾಸ್, ಅಂದರೆ ತಗ್ಗಿನಲ್ಲೇ ಬಿರುಸಾಗಿ ಹೋಗುವ ಪಾಸ್ ಕೊಡಲು ಹೋಗುತ್ತಾರೆ, ಬಾಲ್ ಅವನ ತಲೆಯ ಮೇಲಿಂದ ಹಾರಿ ಥ್ರೋ-ಇನ್‌ಗೆ ಹೋಗುತ್ತದೆ. ಆಮೇಲೆ ಬೂಟು ನೋಡಿಕೊಳ್ಳುತ್ತಾರೆ. ತಪ್ಪು ಬೂಟಿನದಲ್ಲ.

ಮೊದಲು ಸುಲಭದ್ದು ಮುಗಿಸೋಣ. ಹತ್ತು ಮೀಟರ್‌ವರೆಗಿನ ನೆಲದ ಪಾಸ್‌ಗೆ ಊರುವ ಕಾಲನ್ನು ಬಾಲಿನ ಪಕ್ಕ ಒಂದು ಗೇಣು ದೂರದಲ್ಲಿ, ಬೆರಳು ಗುರಿಯ ಕಡೆಗಿರುವಂತೆ ಇಡಿ. ಒದೆಯುವ ಪಾದವನ್ನು ಹೊರಕ್ಕೆ ತಿರುಗಿಸಿ, ಆ್ಯಂಕಲ್ ಬಿಗಿ ಮಾಡಿ, ಒಳಬದಿಯಿಂದ ಬಾಲಿನ ನಡುವಿಗೆ ತಳ್ಳಿ. ಅಷ್ಟೇ.

ಡ್ರೈವನ್ ಪಾಸ್‌ನಲ್ಲಿ ಕೆಲಸ ಮಾಡುವುದು ಲೇಸ್ ಕಟ್ಟುವ ಜಾಗದ ಗಟ್ಟಿ ಮೂಳೆ. ಬಾಲಿನ ಹಿಂದೆ ನೇರವಾಗಿ ನಿಂತು ಓಡಿ ಬಂದರೆ ಕೆಳಮುಖ ಮಾಡಿದ ಬೆರಳು ನೆಲಕ್ಕೆ ತಾಗುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೀಗೆ. ಅದಕ್ಕೇ ಎರಡು-ಮೂರು ಹೆಜ್ಜೆ ಓರೆಯಾಗಿ ಬನ್ನಿ. ಆಗ ಮೈ ತುಸು ಪಕ್ಕಕ್ಕೆ ವಾಲಿ ಪಾದಕ್ಕೆ ಜಾಗ ಸಿಗುತ್ತದೆ.

ಎಲ್ಲರೂ ಎಡವುವುದು ಊರುವ ಕಾಲಿನಲ್ಲಿ. ಜೋರಾಗಿ ಹೊಡೆಯುವ ಆತುರದಲ್ಲಿ ಅದನ್ನು ಬಾಲಿಗಿಂತ ಹಿಂದೆಯೇ ಊರಿಬಿಡುತ್ತಾರೆ, ಎದೆ ಹಿಂದಕ್ಕೆ ವಾಲುತ್ತದೆ. ಬೀಸಿ ಬರುವ ಪಾದ ತನ್ನ ಅತ್ಯಂತ ಕೆಳಗಿನ ಬಿಂದುವನ್ನು ಬಾಲಿಗೆ ಮೊದಲೇ ದಾಟಿರುತ್ತದೆ. ಬಾಲ್ ತಲುಪುವ ಹೊತ್ತಿಗೆ ಅದು ಮೇಲಕ್ಕೇಳುತ್ತಿರುತ್ತದೆ. ಮೇಲೇಳುತ್ತಿರುವ ಪಾದ ಬಾಲಿನ ಹೊಟ್ಟೆಯ ಕೆಳಗೆ ಬಿದ್ದರೆ ಬಾಲ್ ಇನ್ನೆಲ್ಲಿಗೆ ಹೋಗಬೇಕು? ಊರುವ ಪಾದ ಬಾಲಿನ ಸಾಲಿನಲ್ಲೇ ಇರಲಿ, ಒದೆಯುವ ಕಾಲಿನ ಮಂಡಿ ಬಾಲಿನ ಮೇಲೆ ಬರಲಿ, ಎದೆ ಮುಂದಿರಲಿ. ನಡುವಿಗೆ ಹೊಡೆಯಿರಿ. ಹೊಡೆದ ಮೇಲೆ ಕಾಲನ್ನು ಎತ್ತರಕ್ಕೆ ಬೀಸಬೇಡಿ, ತಗ್ಗಿನಲ್ಲೇ ಮುಂದಕ್ಕೆ ಬಿಡಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಎಲ್ಲಿ ಇಳಿದಿರಿ ನೋಡಿ. ಹೊಡೆದ ಕಾಲಿನ ಮೇಲೆಯೇ ಒಂದು ಹೆಜ್ಜೆ ಮುಂದೆ ಬಂದಿದ್ದರೆ ಮೈ ಸರಿಯಾಗಿತ್ತು. ಊರಿದ ಕಾಲಿನ ಮೇಲೆ ಹಿಂದಕ್ಕೆ ಕುಪ್ಪಳಿಸಿದ್ದರೆ ವಾಲಿದ್ದಿರಿ. ಅಭ್ಯಾಸಕ್ಕೆ ಎರಡು ಕುರ್ಚಿಗಳ ನಡುವೆ ಮಂಡಿಯೆತ್ತರಕ್ಕೆ ಹಗ್ಗ ಕಟ್ಟಿ ಅದರ ಕೆಳಗಿನಿಂದ ಬಾಲ್ ದಾಟಿಸಿ. ಶುರುವಿನಲ್ಲಿ ಅರ್ಧ ಬಲ ಸಾಕು. ಅಂದಹಾಗೆ, ರಸ್ತೆಬದಿ ಮಾರುವ ಪ್ಲಾಸ್ಟಿಕ್ ಚೆಂಡಿಗೆ ಗಾಳಿ ಬಿಗಿಯಾಗಿ ತುಂಬಿಸಿ ಇದನ್ನು ಕಲಿಯಬೇಡಿ. ಹಗುರ ಚೆಂಡು ಗಾಳಿಯಲ್ಲಿ ಓಲಾಡಿ ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಸೈಜ್ 5ರ ಹೊಲಿಗೆ ಬಾಲ್ 410ರಿಂದ 450 ಗ್ರಾಂ ತೂಗಬೇಕು.

ಎದುರಾಳಿಯ ತಲೆಯ ಮೇಲಿಂದ ಬಾಲನ್ನು ಎತ್ತಿಹಾಕುವ ಚಿಪ್‌ಗೆ ಇದರ ತದ್ವಿರುದ್ಧ. ಬಹುತೇಕ ನೇರವಾಗಿ ಬಂದು, ಪಾದವನ್ನು ಬೆಣೆಯಂತೆ ಬಾಲಿನ ಬುಡಕ್ಕೆ ಚುಚ್ಚಿ ಅಲ್ಲೇ ನಿಲ್ಲಿಸಬೇಕು. ಕಾಲು ಮುಂದಕ್ಕೆ ಹೋಗಕೂಡದು. ಬಾಲ್ ಹಿಂದಕ್ಕೆ ಸುತ್ತುತ್ತಾ ಏರಿ, ಬಿದ್ದಲ್ಲೇ ಹೆಚ್ಚು ಉರುಳದೆ ನಿಲ್ಲುತ್ತದೆ.

ಈಗ ಆಯ್ಕೆ. ನೀವು ಎಡ ಬ್ಯಾಕ್, ಬಾಲ್ ನಿಮ್ಮ ಕಾಲಲ್ಲಿದೆ, ಎದುರಾಳಿಯ ವಿಂಗರ್ ಮೈಮೇಲೆ ಬರುತ್ತಿದ್ದಾನೆ. ಎಂಟು ಮೀಟರ್ ದೂರದಲ್ಲಿ ನಿಮ್ಮ ಮಿಡ್‌ಫೀಲ್ಡರ್, ಇಪ್ಪತ್ತೈದು ಮೀಟರ್ ದೂರದಲ್ಲಿ ಸ್ಟ್ರೈಕರ್. ಮಿಡ್‌ಫೀಲ್ಡರ್‌ಗೆ ತಿರುಗಲು ಜಾಗವಿದ್ದರೆ ನೆಲದ ಪಾಸ್ ಕೊಟ್ಟು ಸುಮ್ಮನಾಗಿ. ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ. ಅವನ ಬೆನ್ನಿಗೆ ಯಾರಾದರೂ ಅಂಟಿಕೊಂಡಿದ್ದರೆ ಸ್ಟ್ರೈಕರ್ ಕಡೆ ನೋಡಿ. ನಡುವೆ ಇಬ್ಬರು ಎದುರಾಳಿಗಳಿದ್ದು, ಅವರ ಮಧ್ಯೆ ಮೂರ್ನಾಲ್ಕು ಮೀಟರ್ ಬಿರುಕಿದೆ ಅನ್ನಿ. ಒಳಬದಿಯ ಮೆತ್ತಗಿನ ಪಾಸ್ ಆ ಬಿರುಕಿಗೆ ತಲುಪುವಷ್ಟರಲ್ಲಿ ಒಬ್ಬ ಕಾಲು ಚಾಚಿರುತ್ತಾನೆ. ಡ್ರೈವನ್ ಪಾಸ್ ಇರುವುದು ಇಂಥ ಜಾಗಕ್ಕೆ. ಆದರೆ ಅದು ಬಿರುಸಾಗಿ ಬರುವುದರಿಂದ, ಡಿಫೆಂಡರ್ ಇರುವ ಬದಿಯ ಕಾಲಿಗಲ್ಲ, ದೂರದ ಕಾಲಿಗೆ ಕೊಡಿ. ಉಬ್ಬುತಗ್ಗಿನ ಮಣ್ಣಿನ ಮೈದಾನವಾದರೆ ಬಾಲ್ ಕೊನೇ ಗಳಿಗೆಯಲ್ಲಿ ಪುಟಿಯುತ್ತದೆ, ಪಾಸ್ ಪಡೆಯುವವನ ಕಾಲ್ಚಳಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿರುಕೇ ಮುಚ್ಚಿದ್ದು, ಡಿಫೆನ್ಸ್ ಸಾಲು ಮುಂದೆ ಬಂದು ಅದರ ಹಿಂದೆ ಖಾಲಿ ಜಾಗವಿದ್ದು, ಸ್ಟ್ರೈಕರ್ ಆ ಕಡೆ ಓಡಲು ಶುರುಮಾಡಿದ್ದರೆ ಮಾತ್ರ ಚಿಪ್. ಗೋಲ್‌ಕೀಪರ್ ಮುಂದೆ ಬಂದು ನಿಂತಿದ್ದರೆ ಅದೂ ಬೇಡ, ನೇರ ಅವನ ಕೈಗೆ ಹೋಗುತ್ತದೆ. ಚಿಪ್ ನಿಧಾನದ ಬಾಲ್, ಎದುರಾಳಿ ಆಗಲೇ ಎತ್ತಲೋ ಹೊರಟಿದ್ದರಷ್ಟೇ ಫಲಿಸುತ್ತದೆ. 1976ರ ಯೂರೋ ಫೈನಲ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಚೆಕೊಸ್ಲೊವಾಕಿಯಾದ ಪನೆಂಕಾ ಚಿಪ್ ಮಾಡಿ ಹೊಡೆದ ಪೆನಾಲ್ಟಿ ಒಳಹೋದದ್ದು ಪಶ್ಚಿಮ ಜರ್ಮನಿಯ ಕೀಪರ್ ಮೈಯರ್ ಅಷ್ಟರಲ್ಲಿ ಒಂದು ಬದಿಗೆ ಹಾರಿಬಿಟ್ಟಿದ್ದರಿಂದ. ಮೈಯರ್ ನಿಂತಲ್ಲೇ ನಿಂತಿದ್ದರೆ ಬಾಲ್ ಅವರ ಎದೆಗೇ ಬರುತ್ತಿತ್ತು.

ತಲೆಯ ಮೇಲೆ ಬಲೆ ಕಟ್ಟಿರುವ ಬಾಡಿಗೆ ಟರ್ಫ್‌ನಲ್ಲಿ ಆಡುವವರು ಚಿಪ್ ಭಾಗವನ್ನು ಬಿಟ್ಟೇಬಿಡಬಹುದು.