ಭಜಿ, ಗಿರ್ಮಿಟ್, ಪೇಢೆ: ಮೂರನೇ ಪಕ್ಷ ಕರಗುವುದನ್ನು ಕ್ಲಾಸಿನಲ್ಲೇ ತೋರಿಸಿದ ಕಥೆ

ಡುವರ್ಜೆ ನಿಯಮ ನಿಮಗೆಲ್ಲ ಗೊತ್ತು. ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಹೆಚ್ಚು ಮತ ಬಿದ್ದವರು ಗೆದ್ದರು ಅಂದರೆ ಪೈಪೋಟಿ ಎರಡು ಪಕ್ಷಗಳ ಕಡೆ ಸರಿಯುತ್ತದೆ. ನಾನೂ ಹಾವೇರಿಯ ಡಿಗ್ರಿ ಕ್ಲಾಸಿನಲ್ಲಿ ವರ್ಷಗಟ್ಟಲೆ ಇದನ್ನು ನೋಟ್ಸ್ ಕೊಟ್ಟು ಬರೆಸಿದೆ. ಹುಡುಗರು ಬರೆದುಕೊಂಡರು, ನಂಬಲಿಲ್ಲ. "ಸರ, ನಮ್ಮಲ್ಲಿ ಎಷ್ಟ್ ಪಕ್ಷ ಅದಾವ್ರಿ" ಅಂತ ಒಬ್ಬ ಕೇಳಿದ. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರದ್ದೂ ಅದೇ ಮಾತು. ಕ್ಲಾಸಿನಲ್ಲಿ ಚುನಾವಣೆ ಆಡಿಸಿ ತೋರಿಸ್ತೀನಿ ಅಂದಾಗ "ಭಜಿ ತಿನ್ನಿಸಿ ರಾಜ್ಯಶಾಸ್ತ್ರ ಕಲಸ್ತೀರೇನ್ರೀ?" ಅಂತ ನಕ್ಕರು.

ಮೊದಲ ಸಲ ಅವರು ನಕ್ಕಿದ್ದೇ ಸರಿಯಾಯಿತು. ಮಿರ್ಚಿ, ಗಿರ್ಮಿಟ್, ಪೇಢೆ ಅಂತ ಮೂರು ಪಕ್ಷ ಮಾಡಿ ಕೈ ಎತ್ತಿಸಿದೆ. ಎಲ್ಲರೂ ಗೆಳೆಯರಿಗೆ ಓಟು ಹಾಕಿದರು. ಸೋತರೆ ಯಾರಿಗೂ ಏನೂ ನಷ್ಟ ಇಲ್ಲ, ಹಾಗಿರುವಾಗ ಯಾರು ಲೆಕ್ಕ ಹಾಕುತ್ತಾರೆ?

ಎರಡನೇ ಸಲ ದುಡ್ಡು ಇಟ್ಟೆ. ಪ್ರತಿಯೊಬ್ಬರಿಗೂ ಒಂದು ಚೀಟಿ. ನಿಮ್ಮ ಕ್ಷೇತ್ರದಲ್ಲಿ ನಿಮ್ಮ ಪಕ್ಷ ಗೆದ್ದರೆ 10 ರೂಪಾಯಿ. ಗಿರ್ಮಿಟ್‌ನವರಿಗೆ ಪೇಢೆ ಗೆದ್ದರೆ 6, ಪೇಢೆಯವರಿಗೆ ಗಿರ್ಮಿಟ್ ಗೆದ್ದರೆ 6. ಮಿರ್ಚಿ ಗೆದ್ದರೆ ಇಬ್ಬರಿಗೂ ಸೊನ್ನೆ. ಮಿರ್ಚಿಯವರಿಗೆ ತಮ್ಮದು ಬಿಟ್ಟು ಬೇರೆ ಯಾವುದು ಗೆದ್ದರೂ ಸೊನ್ನೆ. ಹತ್ತತ್ತು ಜನರ ಆರು ಕ್ಷೇತ್ರ ಮಾಡಿದೆ. ಪ್ರತಿಯೊಂದರಲ್ಲೂ ಮಿರ್ಚಿ 4, ಗಿರ್ಮಿಟ್ 3, ಪೇಢೆ 3. ಐದು ಸುತ್ತು ಆಡಿಸಿದೆ. ಐದೂ ಸುತ್ತು ಮಿರ್ಚಿ ಗೆದ್ದಿತು, ಆರಕ್ಕೆ ಆರೂ! ಸುತ್ತಿಗೆ 240ರಂತೆ ಸಾವಿರದ ಇನ್ನೂರು ರೂಪಾಯಿ ನನ್ನ ಜೇಬಿನಿಂದ ಹೋಯಿತು. ಆ ತಿಂಗಳು ಗೌರವಧನ ಬೇರೆ ಬಂದಿರಲಿಲ್ಲ. ಮನೆಯಲ್ಲಿ ಏನು ಕೇಳಿಸಿಕೊಂಡೆ ಅನ್ನೋದು ಇಲ್ಲಿ ಬೇಡ.

ಹುಡುಗರನ್ನೇ ಬೈದುಕೊಂಡೆ. ಆಮೇಲೆ ಓಟಿನ ಚೀಟಿಗಳನ್ನು ಬಿಡಿಸಿ ನೋಡಿದರೆ ತಪ್ಪು ನನ್ನದು. 3 ಮತ್ತು 3 ಇದ್ದಾಗ "ನೀನು ಬಾ, ನೀನು ಬಾ" ಅನ್ನೋದು ಮುಗಿಯುವುದೇ ಇಲ್ಲ. ಒಂದು ಕ್ಷೇತ್ರದಲ್ಲಂತೂ ಎರಡೂ ಕಡೆಯಿಂದ ಇಬ್ಬಿಬ್ಬರು ಆಚೀಚೆ ಹಾರಿದ್ದರು, ಲೆಕ್ಕ ಮತ್ತೆ 4-3-3ಕ್ಕೇ ಬಂದು ನಿಂತಿತ್ತು. ಮತದಾರರು ಜಾಣರಿದ್ದರೆ ಸಾಲದು. ಗೆಲ್ಲುವ ಪಕ್ಷಕ್ಕೆ ಎದುರಾಳಿ ಯಾರು ಅನ್ನೋದು ಎಲ್ಲರ ಕಣ್ಣಿಗೂ ಒಂದೇ ರೀತಿ ಕಾಣಬೇಕು. ಅದು ಕಾಣದಿದ್ದರೆ ಮೂರನೆಯವರು ಕರಗುವುದಿಲ್ಲ.

ಇದನ್ನು ನಾವು ಹಾವೇರಿಯವರು ಕಣ್ಣಾರೆ ಕಂಡಿದ್ದೇವೆ ಅಲ್ವಾ? ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿಗೆ ಚಾಲನೆ ಕೊಟ್ಟಿದ್ದು ಇಲ್ಲೇ, 2012ರ ಡಿಸೆಂಬರ್ ಸಮಾವೇಶದಲ್ಲಿ. 2008ರಲ್ಲಿ ಜಿಲ್ಲೆಯ ಆರರಲ್ಲಿ ಐದು ಸೀಟು ಬಿಜೆಪಿಯದು. 2013ರಲ್ಲಿ ಆ ಮತ ಒಡೆಯಿತು. ಕಾಂಗ್ರೆಸ್ 4, ಬಿಜೆಪಿ 1, ಕೆಜೆಪಿ 1. ರಾಜ್ಯದಲ್ಲಿ ಕೆಜೆಪಿಗೆ ಸುಮಾರು 10 ಪರ್ಸೆಂಟ್ ಮತ ಬಿತ್ತು. ಮತಕ್ಕೆ ತಕ್ಕ ಸೀಟು ಅಂದರೆ 224ರಲ್ಲಿ 22 ಬರಬೇಕಿತ್ತು, ಬಂದಿದ್ದು 6. ಮೂರು ಪರ್ಸೆಂಟೂ ಇಲ್ಲದ ಬಿಎಸ್ಆರ್ ಕಾಂಗ್ರೆಸ್ಸಿಗೆ 4 ಸೀಟು. ಕಾಂಗ್ರೆಸ್ 37 ಪರ್ಸೆಂಟಿಗೂ ಸ್ವಲ್ಪ ಕಡಿಮೆ ಮತದಲ್ಲಿ 122 ಸೀಟು ತಗೊಂಡಿತು. ಆ ಒಂದು ಚುನಾವಣೆಯಲ್ಲಿ ಮತದಾರರ ಮುಂದೆ ಕೆಜೆಪಿಯ ಹಿಂದಿನ ಸುತ್ತಿನ ಫಲಿತಾಂಶವೇ ಇರಲಿಲ್ಲ, ಯಾರು ಎರಡನೆಯವರು ಅಂತ ಹೇಗೆ ಗೊತ್ತಾಗಬೇಕು? ಫಲಿತಾಂಶ ಬಂದ ಮೇಲೆ ಮತದಾರರಿಗಿಂತ ಮೊದಲು ನಾಯಕರೇ ಲೆಕ್ಕ ಹಾಕಿದರು. 2014ರ ಜನವರಿ ಹೊತ್ತಿಗೆ ಯಡಿಯೂರಪ್ಪ ಬಿಜೆಪಿಗೆ ವಾಪಸ್.

ಮೂರನೇ ಸಲ ಲೆಕ್ಕ ಬದಲಿಸಿದೆ. 63 ಹುಡುಗರು, ಒಂಬತ್ತು ಜನರ ಏಳು ಕ್ಷೇತ್ರ. ಐದು ಕ್ಷೇತ್ರದಲ್ಲಿ ಮಿರ್ಚಿ 4, ಗಿರ್ಮಿಟ್ 3, ಪೇಢೆ 2. ಉಳಿದ ಎರಡರಲ್ಲಿ ಪೇಢೆ 5, ಗಿರ್ಮಿಟ್ 2, ಮಿರ್ಚಿ 2. ಪ್ರತಿ ಸುತ್ತು ಮುಗಿದ ಮೇಲೆ ಏಳೂ ಕ್ಷೇತ್ರದ ಪೂರ್ತಿ ಲೆಕ್ಕ ಬೋರ್ಡಿನ ಮೇಲೆ ಬರೆದೆ. ದುಡ್ಡು ಪ್ರತಿ ಸುತ್ತಿಗೂ ಇಲ್ಲ, ಕೊನೆಗೆ ಚೀಟಿ ಎತ್ತಿ ಯಾವ ಸುತ್ತು ಬರುತ್ತದೋ ಅದಕ್ಕೆ ಮಾತ್ರ. ಯಾವುದು ಬರುತ್ತದೆ ಅಂತ ಗೊತ್ತಿಲ್ಲದ್ದರಿಂದ ಪ್ರತಿ ಸುತ್ತನ್ನೂ ಸೀರಿಯಸ್ಸಾಗಿ ಆಡುತ್ತಾರೆ. ಗೆಳೆತನದ ಓಟು ಬೀಳದ ಹಾಗೆ ಚೀಟಿ ಹಂಚುವುದಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಬರೆಯುವುದಿಲ್ಲ. ಬೇಕಾದವರು ಹಾವೇರಿಗೆ ಬಂದು ಚಹಾ ಕುಡಿಸಿ.

ಮೊದಲ ಸುತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಪಕ್ಷಕ್ಕೇ ಹಾಕಿದರು. ಒಟ್ಟು ಮತ ಮಿರ್ಚಿ 24, ಪೇಢೆ 20, ಗಿರ್ಮಿಟ್ 19. ಸೀಟು ಮಿರ್ಚಿ 5, ಪೇಢೆ 2, ಗಿರ್ಮಿಟ್ 0. ಗಿರ್ಮಿಟ್‌ನವರು ಗಲಾಟೆ ಎಬ್ಬಿಸಿದರು. ಪೇಢೆಗಿಂತ ಒಂದೇ ಓಟು ಕಡಿಮೆ, ಆದರೂ ಸೊನ್ನೆ. ಗಿರ್ಮಿಟ್ ಎಲ್ಲ ಕಡೆ ಹರಡಿತ್ತು, ಪೇಢೆ ಎರಡು ಕಡೆ ಗಟ್ಟಿಯಾಗಿತ್ತು, ಅಷ್ಟೇ ವ್ಯತ್ಯಾಸ.

ಇಲ್ಲಿಯವರೆಗೆ ಮತವನ್ನು ಸೀಟು ಮಾಡುವ ಪದ್ಧತಿಯ ಕೆಲಸ. ಮತದಾರರ ತಲೆಯೊಳಗಿನ ಕೆಲಸ ಎರಡನೇ ಸುತ್ತಿನಿಂದ ಶುರುವಾಯಿತು. ಮಿರ್ಚಿ ಮುಂದಿದ್ದ ಕ್ಷೇತ್ರವೊಂದರಲ್ಲಿ ಪೇಢೆಯ ಹುಡುಗಿ ಬೋರ್ಡು ನೋಡಿ "ಸರ, ನನ್ನ ಓಟು ಸುಮ್ನೆ ಹಾಳಾತ್ರಿ" ಅಂದಳು. ಮಿರ್ಚಿ 4, ಗಿರ್ಮಿಟ್ 3. ಪೇಢೆಯ ಇಬ್ಬರೂ ಗಿರ್ಮಿಟ್‌ಗೆ ಹೋದರೆ 5. ಅವರಿಗೆ 10 ಸಿಗಲ್ಲ, ಆದರೆ ಸೊನ್ನೆ ಹೋಗಿ 6 ಆಗುತ್ತದೆ. ಆ ಸುತ್ತಿನಲ್ಲಿ ಎರಡು ಕಡೆ ಇಬ್ಬರೂ ಹೋದರು. ಒಂದು ಕಡೆ ಒಬ್ಬನೇ ಹೋಗಿ 4-4-1 ಆಯಿತು, ನಿಜವಾದ ಚುನಾವಣೆಯ ಹಾಗೆ ಚೀಟಿ ಎತ್ತಿದೆ. ನಾಲ್ಕನೇ ಸುತ್ತಿಗೆ ಗಿರ್ಮಿಟ್ 4, ಪೇಢೆ 2, ಮಿರ್ಚಿ 1. ಐದು ಸೀಟಿನ ಪಕ್ಷ ಒಂದಕ್ಕೆ ಇಳಿಯಿತು, ಮಿರ್ಚಿಯ ಒಂದು ಓಟೂ ಕದಲಿರಲಿಲ್ಲ!

ಆ ಒಂದು ಸೀಟು ಯಾಕೆ ಉಳಿಯಿತು? ಮಿರ್ಚಿ ಅಭ್ಯರ್ಥಿ ಪೇಢೆ ಅಭ್ಯರ್ಥಿಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಸಿ "ನೀ ಕಣದಾಗ ಇರು, ಬಿಡಬ್ಯಾಡ" ಅಂದಿದ್ದನಂತೆ. ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ.

ಆಮೇಲಿನ ಬ್ಯಾಚಿನಲ್ಲಿ ಅಭ್ಯರ್ಥಿಗಳಿಂದ 20 ರೂಪಾಯಿ ಠೇವಣಿ ತಗೊಂಡೆ. ಆರರಲ್ಲಿ ಒಂದು ಪಾಲು ಮತ ಬೀಳದಿದ್ದರೆ ಜಪ್ತಿ, ಅಸೆಂಬ್ಲಿಯ ನಿಯಮವೇ. ಆಗ ಮತದಾರರು ಬಿಡುವ ಮೊದಲೇ ಮೂರನೆಯವರು ನಾಮಪತ್ರ ವಾಪಸ್ ತಗೊಳ್ಳತೊಡಗಿದರು.

ಕೆಲಸ ಆಯಿತೋ ಇಲ್ಲವೋ ನೋಡಲು ನಾನು ಒಂದೇ ಲೆಕ್ಕ ಹಾಕುತ್ತೇನೆ. ಕ್ಷೇತ್ರದಲ್ಲಿ ಮೂರನೆಯವರ ಮತವನ್ನು ಎರಡನೆಯವರ ಮತದಿಂದ ಭಾಗಿಸಿ. ಮೊದಲ ಸುತ್ತಿನಲ್ಲಿ ಮಿರ್ಚಿ ಗೆದ್ದ ಐದೂ ಕಡೆ 2 ಭಾಗಿಸು 3, ಅಂದರೆ 0.67. ನಾಲ್ಕನೇ ಸುತ್ತಿಗೆ ನಾಲ್ಕು ಕಡೆ ಸೊನ್ನೆ. ನನ್ನ ಹಾಳಾದ ಬ್ಯಾಚಿನಲ್ಲಿ ಕೊನೆಯವರೆಗೂ 1. ಸೊನ್ನೆ ಕಡೆ ಇಳಿದರೆ ಜನ ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತಿದ್ದಾರೆ, 1ರ ಹತ್ತಿರವೇ ನಿಂತರೆ ಸಿಕ್ಕಿಹಾಕಿಕೊಂಡಿದ್ದಾರೆ.

ಇನ್ನು "ಎಷ್ಟ್ ಪಕ್ಷ ಅದಾವ್ರಿ" ಅಂದ ಆ ಮೊದಲ ಹುಡುಗನ ಪ್ರಶ್ನೆ. ಬೋರ್ಡಿನ ಮೇಲೆ ನಾಲ್ಕನೇ ಸುತ್ತಿನಲ್ಲೂ ಮೂರು ಪಕ್ಷ ಇದ್ದವು. ಆದರೆ ಐದು ಕ್ಷೇತ್ರದಲ್ಲಿ ಜಗಳ ಮಿರ್ಚಿ-ಗಿರ್ಮಿಟ್ ನಡುವೆ, ಎರಡರಲ್ಲಿ ಪೇಢೆಯದೇ ರಾಜ್ಯ. ಒತ್ತಡ ಇರುವುದು ಕ್ಷೇತ್ರದೊಳಗೆ. ಎಲ್ಲ ಕ್ಷೇತ್ರದಲ್ಲೂ ಅದೇ ಇಬ್ಬರಿರಬೇಕು ಅಂತ ಈ ಪದ್ಧತಿ ಹೇಳುವುದಿಲ್ಲ. ಹಳೇ ಮೈಸೂರಿನಲ್ಲಿ ಜೆಡಿಎಸ್ ಉಳಿದಿದ್ದು ಹಾಗೆ, ನಮ್ಮ ಕಡೆ ಅದು ಬೇರು ಬಿಡದಿದ್ದೂ ಹಾಗೆ. 2013ರಲ್ಲಿ ಅವರಿಗೂ ಬಿಜೆಪಿಗೂ ಸುಮಾರು 20 ಪರ್ಸೆಂಟ್ ಮತ, ಇಬ್ಬರಿಗೂ 40 ಸೀಟು. ಅದೇ 1983ರ ಬ್ರಿಟನ್ನಿನಲ್ಲಿ ಅಲೈಯನ್ಸ್ ಅನ್ನುವ ಮೂರನೇ ಕೂಟಕ್ಕೆ 25 ಪರ್ಸೆಂಟ್ ಮತ ಬಿದ್ದರೂ 650ರಲ್ಲಿ 23 ಸೀಟು, ಯಾಕಂದರೆ ಅದು ಗಿರ್ಮಿಟ್ ಥರ ಎಲ್ಲ ಕಡೆ ತೆಳ್ಳಗೆ ಹರಡಿತ್ತು.

ಕುತೂಹಲಕ್ಕೆ ಒಂದು ಕ್ಷೇತ್ರಕ್ಕೆ ಎರಡು ಸೀಟು ಕೊಟ್ಟೂ ನೋಡಿದೆ. ಒಬ್ಬರಿಗೆ ಒಂದೇ ಓಟು, ಮೊದಲ ಇಬ್ಬರು ಗೆದ್ದರು. 4-3-2 ಹಾಗೇ ಉಳಿಯಿತು. ಗಿರ್ಮಿಟ್ ಹೇಗೂ ಗೆಲ್ಲುತ್ತಿದೆ, ಪೇಢೆಯವರು ಯಾಕೆ ಅಲ್ಲಿಗೆ ಹೋಗಬೇಕು? ಬದಲಿಗೆ ಒಂದು ಓಟು ಎಳೆದರೆ ತಾವೇ ಎರಡನೇ ಸ್ಥಾನಕ್ಕೆ ಬರುವ ಆಸೆ. ಸೀಟು ಎರಡಾದರೆ ಮೂವರು ಉಳಿದರು.

ಗೆದ್ದ ಆಟದ ಖರ್ಚು 332 ರೂಪಾಯಿ, ಭಜಿ ಬೇರೆ. ಭಜಿ ತಿನ್ನುತ್ತಾ ಆ ಹಿರಿಯರು "ಆ ಚೀಟಿ ಸೆಟ್ಟು ಒಂದು ಝೆರಾಕ್ಸ್ ಕೊಡ್ರಿ" ಅಂದರು. 4-3-3ರ ಹಳೇ ಸೆಟ್ಟು ಕೊಟ್ಟಿದ್ದೇನೆ.