ಥರ್ಮೋಕಪಲ್ ನುಂಗಿದ 28 ಡಿಗ್ರಿಯನ್ನು ಮರಳಿ ಕೂಡಿಸುವುದು ಹೇಗೆ?

ಕುದಿಯುವ ನೀರಿನಲ್ಲಿ ಅದ್ದಿದ ಕೆ ಮಾದರಿಯ ಥರ್ಮೋಕಪಲ್ 73 ಡಿಗ್ರಿ ತೋರಿಸಿದರೆ ತಂತಿಯನ್ನು ಎಸೆಯಬೇಡಿ. ಅದು ಅಳೆಯುವುದು ಎರಡು ತುದಿಗಳ ನಡುವಿನ ಉಷ್ಣತೆಯ ವ್ಯತ್ಯಾಸವನ್ನಷ್ಟೇ. ತಂತಿಗಳು ತಾಮ್ರವನ್ನು ಸೇರುವ ಟರ್ಮಿನಲ್ಲೇ ‘ತಣ್ಣನೆಯ ತುದಿ’. ಆ ಜಾಗ 28 ಡಿಗ್ರಿ ಇದ್ದರೆ ಹೆಚ್ಚುಕಡಿಮೆ ಅಷ್ಟೂ ಲೆಕ್ಕದಿಂದ ಕಳೆದುಹೋಗುತ್ತದೆ. ಅದನ್ನು ಆಂಪ್ಲಿಫೈಯರಿನ ಒಳಹರಿವಿನಲ್ಲೇ ಕೂಡಿಸಿಬಿಡುವುದು ಸುಲಭದ ದಾರಿ.

ಎಲ್‌ಎಂ35 ಸಂವೇದಕ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಕೆ ಮಾದರಿಯದು ಸುಮಾರು 41 ಮೈಕ್ರೋವೋಲ್ಟ್, ಅಂದರೆ 244ರಲ್ಲಿ ಒಂದು ಪಾಲು. ಹಾಗಾಗಿ ಎಲ್‌ಎಂ35ರ ಹೊರಹರಿವಿನಿಂದ ನೆಲಕ್ಕೆ 24.3 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ. 100 ಓಮ್ ನೆಲದ ಕಡೆಗಿರಲಿ. ಎರಡೂ ಶೇ 1ರ ನಿಖರತೆಯವಾಗಿರಬೇಕು. ಅವು ಕೂಡುವ ಬಿಂದುವಿಗೆ ಥರ್ಮೋಕಪಲ್‌ನ ಋಣ ತಂತಿ, ಆಪ್‌ಆಂಪ್‌ನ ಧನ ಒಳಹರಿವಿಗೆ ಧನ ತಂತಿ. ಬಣ್ಣಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಕೆ ಮಾದರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದೇ ಋಣ ತಂತಿ.

ಮತ್ತೆ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಸಿಗಲು ವರ್ಧನೆಯೂ 244 ಪಟ್ಟೇ ಬೇಕಾದ್ದರಿಂದ ಅದೇ ಬೆಲೆಯ ಇನ್ನೊಂದು ಜೋಡಿ ರೆಸಿಸ್ಟರು ಸಾಕು: ಆಪ್‌ಆಂಪ್‌ನ ಹೊರಹರಿವಿನಿಂದ ಅದರ ಋಣ ಒಳಹರಿವಿಗೆ 24.3 ಕಿಲೋಓಮ್, ಅಲ್ಲಿಂದ ನೆಲಕ್ಕೆ 100 ಓಮ್. ಆಪ್‌ಆಂಪ್ ಆಯ್ಕೆಯಲ್ಲಿ ಜಿಪುಣತನ ಬೇಡ. ಒಂದು ಮಿಲಿವೋಲ್ಟ್ ಆಫ್‌ಸೆಟ್ ಇದ್ದರೂ 24 ಡಿಗ್ರಿ ತಪ್ಪು ಬರುತ್ತದೆ. ಓಪಿ07 ಹಾಕಿ, ಧನ ಮತ್ತು ಋಣ 9 ವೋಲ್ಟ್ ಎರಡನ್ನೂ ಕೊಡಿ.

ಲೆಕ್ಕ ನೋಡಿ. 28 ಡಿಗ್ರಿಯ ಕೋಣೆಯಲ್ಲಿ ಕುದಿಯುವ ನೀರಿಗೆ ಥರ್ಮೋಕಪಲ್ ಕೊಡುವುದು 2.974 ಮಿಲಿವೋಲ್ಟ್. ಎಲ್‌ಎಂ35ರ 280 ಮಿಲಿವೋಲ್ಟ್, 244ರಿಂದ ಭಾಗಿಸಿದಾಗ 1.148 ಆಗುತ್ತದೆ. ಎರಡೂ ಸೇರಿ 4.122, ವರ್ಧಿಸಿದರೆ 1.006 ವೋಲ್ಟ್, ಅಂದರೆ 100.6 ಡಿಗ್ರಿ. ಉಳಿದ ಅರ್ಧ ಡಿಗ್ರಿ ಥರ್ಮೋಕಪಲ್‌ನ ವಕ್ರರೇಖೆಯ ಋಣ. ಅದನ್ನು ನೇರಗೆರೆಯಿಂದ ತೀರಿಸಲಾಗದು.

ಥರ್ಮೋಕಪಲ್ ತೆಗೆದು ಅದರ ಎರಡು ಟರ್ಮಿನಲ್‌ಗಳನ್ನು ತಾಮ್ರದ ತುಂಡಿನಿಂದ ಸೇರಿಸಿ. ಮೀಟರಿನಲ್ಲಿ ಕೋಣೆಯ ಉಷ್ಣತೆ, ಇಲ್ಲಿ 280 ಮಿಲಿವೋಲ್ಟ್ ಕಾಣಬೇಕು. ಕಂಡರೆ ಸರ್ಕ್ಯೂಟ್ ಸರಿಯಿದೆ. ಆದರೂ ಅಳತೆ ಹಾದಿ ತಪ್ಪಿದರೆ ಎಲ್‌ಎಂ35 ಎಲ್ಲಿ ಕುಳಿತಿದೆ ನೋಡಿ. ನಾನೊಮ್ಮೆ ಅದನ್ನು ವೋಲ್ಟೇಜ್ ರೆಗ್ಯುಲೇಟರಿನ ಪಕ್ಕದಲ್ಲಿ ಬೆಸುಗೆ ಹಾಕಿ ವಾರವಿಡೀ ಆಪ್‌ಆಂಪನ್ನು ಬೈದಿದ್ದೇನೆ. ಅದು ಟರ್ಮಿನಲ್ಲಿಗೆ ಅಂಟಿಕೊಂಡೇ ಇರಬೇಕು.

ಇನ್ನೊಂದು ಬಲೆ ಇದೆ. ಹೊರಕವಚಕ್ಕೆ ಬೆಸೆದ ತುದಿಯ ಥರ್ಮೋಕಪಲ್, ಸರ್ಕ್ಯೂಟಿನ ನೆಲಕ್ಕೇ ಸೇರಿದ ಲೋಹವನ್ನು ಮುಟ್ಟಿದರೆ, ಆ 100 ಓಮ್ ರೆಸಿಸ್ಟರು ಶಾರ್ಟ್ ಆದಂತೆ. ಕೂಡಿಸಿದ್ದೆಲ್ಲ ಮಾಯವಾಗಿ ಅಳತೆ ಮತ್ತೆ ನಿಜಕ್ಕಿಂತ ತೀರಾ ಕೆಳಕ್ಕೆ ಬೀಳುತ್ತದೆ. ಅಲ್ಲಿ ಕವಚದಿಂದ ಪ್ರತ್ಯೇಕಿಸಿದ ತುದಿಯದನ್ನೇ ಬಳಸಿ.